ಸೆನ್ಸರ್ ತೋರಿಸುವ 85% ನಿಮ್ಮ ಮಣ್ಣಿನ ಲೆಕ್ಕ ಅಲ್ಲ

ಮೊನ್ನೆ ಒಬ್ಬರು ತಮ್ಮ ಟೊಮೆಟೊ ಕುಂಡ ತೋರಿಸಿದರು. ಎಲೆಗಳು ಜೋತು ಬಿದ್ದಿದ್ದವು, ಕೆಳಗಿನವು ಹಳದಿಯಾಗಿದ್ದವು. ಮಣ್ಣಿನ ತೇವ ಅಳೆಯುವ ಕೆಪ್ಯಾಸಿಟಿವ್ ಸೆನ್ಸರ್, ಅದನ್ನು ಓದಿ ಪಂಪ್ ನಡೆಸುವ ಆರ್ಡುಯಿನೊ ಬೋರ್ಡ್, ಸಣ್ಣ ಪಂಪ್ ಎಲ್ಲ ಅಚ್ಚುಕಟ್ಟಾಗಿ ಜೋಡಿಸಿದ್ದರು. ತೇವಾಂಶ 70%ಗಿಂತ ಕೆಳಗೆ ಬಂದರೆ ಪಂಪ್ ಆನ್, 85% ಮುಟ್ಟಿದರೆ ಆಫ್. "ನೀರು ಸಾಲ್ತಿಲ್ಲ ಅನ್ಸುತ್ತೆ ಸರ್, 90ಕ್ಕೆ ಏರಿಸ್ಲಾ?" ಅಂತ ಕೇಳಿದರು. ನಾನು ಮಣ್ಣಿಗೆ ಬೆರಳು ಚುಚ್ಚಿದೆ. ಹುಳಿ ವಾಸನೆಯ ಕೆಸರು ಅಂಟಿಕೊಂಡು ಬಂತು.

ಬೇರಿಗೆ ಗಾಳಿ ಸಿಗದಿದ್ದರೂ ಗಿಡ ಬಾಡುತ್ತದೆ, ನೀರಿಲ್ಲದೆ ಬಾಡಿದ ಹಾಗೇ ಕಾಣುತ್ತದೆ. ಅದಕ್ಕೇ ಜನ ಇನ್ನೂ ಜಾಸ್ತಿ ನೀರು ಬಿಡುತ್ತಾರೆ.

ಅವರು ಕ್ಯಾಲಿಬ್ರೇಶನ್ ಮಾಡಿಯೇ ಇದ್ದರು. ಸೆನ್ಸರನ್ನು ಗಾಳಿಯಲ್ಲಿ ಹಿಡಿದಾಗ 590, ಲೋಟದ ನೀರಿನಲ್ಲಿ ಮುಳುಗಿಸಿದಾಗ 280 ಬಂದಿತ್ತು. ಈ ಸೆನ್ಸರಿನಲ್ಲಿ ಒಣಗಿದಷ್ಟೂ ಅಂಕಿ ಏರುತ್ತದೆ. 590ನ್ನು 0% ಅಂತಲೂ 280ನ್ನು 100% ಅಂತಲೂ ಇಟ್ಟುಕೊಂಡಿದ್ದರು. ಆದರೆ ಬೇರು ಇರುವುದು ಮಣ್ಣಿನಲ್ಲಿ, ಬರೀ ಗಾಳಿಯಲ್ಲೂ ಅಲ್ಲ ಬರೀ ನೀರಿನಲ್ಲೂ ಅಲ್ಲ, ಹಾಗಾಗಿ ಈ ಎರಡು ಅಂಕಿಗಳಿಂದ ಸೆನ್ಸರ್ ಕೆಲಸ ಮಾಡುತ್ತಿದೆ ಅಂತ ಮಾತ್ರ ಗೊತ್ತಾಗುತ್ತದೆ.

ಗಿಡವನ್ನು ಹೊಸ ಮಣ್ಣಿಗೆ ಬದಲಿಸಿದೆವು. ಬೇರು ಹಿಡಿದು ಚೇತರಿಸಿಕೊಂಡ ಮೇಲೆ ಕುಂಡದ ತಳದಿಂದ ನೀರು ಸುರಿಯುವವರೆಗೆ ತೋಯಿಸಿ, ರಾತ್ರಿಯಿಡೀ ಬಸಿಯಲು ಬಿಟ್ಟೆವು. ಬೆಳಿಗ್ಗೆ ಕುಂಡ 3,400 ಗ್ರಾಂ ತೂಗಿತು, ರೀಡಿಂಗ್ 340. ಮಣ್ಣು ತಾನಾಗಿ ಹಿಡಿದಿಟ್ಟುಕೊಳ್ಳುವ ನೀರು ಇಷ್ಟೇ. ಅವರ ಲೆಕ್ಕದಲ್ಲಿ ಇದು 81%. ಅಂದರೆ 85% ಮುಟ್ಟಬೇಕಾದರೆ ಮಣ್ಣಿನೊಳಗೆ ಗಾಳಿ ಇರುವ ಜಾಗಕ್ಕೂ ನೀರು ತುಂಬಲೇಬೇಕು! ಪಂಪ್ ಪ್ರತಿ ಸಲ ಅದನ್ನೇ ಮಾಡುತ್ತಿತ್ತು.

ಆಮೇಲೆ ನೀರು ಹಾಕದೆ, ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ತೂಕ ಮತ್ತು ರೀಡಿಂಗ್ ಬರೆದಿಟ್ಟೆವು. ಹೊತ್ತು ಯಾಕೆ ಮುಖ್ಯ ಅಂದರೆ, ಬಿಸಿಲಿಗೆ ಸೆನ್ಸರ್ ಬಿಸಿಯಾದರೂ ಅಂಕಿ ಸ್ವಲ್ಪ ಜರುಗುತ್ತದೆ. ಎಲೆ ಬಾಡತೊಡಗಿದ ದಿನ ತೂಕ 2,700 ಗ್ರಾಂ, ರೀಡಿಂಗ್ 480. ಹಾಗಾದರೆ ಗಿಡಕ್ಕೆ ಸಿಗುವ ನೀರು ಒಟ್ಟು 700 ಗ್ರಾಂ. ಅದರಲ್ಲಿ ಅರ್ಧ ಖರ್ಚಾದಾಗ, ಅಂದರೆ ತೂಕ 3,050 ಗ್ರಾಂಗೆ ಇಳಿದಾಗ, ರೀಡಿಂಗ್ 390 ಇತ್ತು. 340 ಮತ್ತು 480ರ ನಡುವೆ ಸರಿಯಾಗಿ ಅರ್ಧ ಅಂದರೆ 410 ಆಗಬೇಕಿತ್ತು, ಅಲ್ವಾ? ಅಂಕಿ ನೇರ ಗೆರೆಯಲ್ಲಿ ಏರುವುದಿಲ್ಲ. ತೂಕದ ಯಂತ್ರ ಬೇಕು ಅನ್ನುವುದು ಅದಕ್ಕೇ. ಪಂಪ್ ಆನ್ ಆಗುವ ಅಂಕಿ 390 ಅಂತ ಇಟ್ಟೆವು.

ಆಫ್ ಆಗುವ ಅಂಕಿ? ಅದನ್ನು ತೆಗೆದೇಬಿಟ್ಟೆವು. ಮೇಲೆ ಬಿದ್ದ ನೀರು ಸೆನ್ಸರಿನ ಹತ್ತಿರ ಇಳಿಯಲು ಹೊತ್ತು ಬೇಕು. "ಒದ್ದೆ ಅನ್ನುವವರೆಗೂ ಓಡು" ಅಂದರೆ ಅಷ್ಟರಲ್ಲಿ ಪಂಪ್ ಬೇಕಾದ್ದಕ್ಕಿಂತ ತುಂಬಾ ಜಾಸ್ತಿ ಸುರಿದಿರುತ್ತದೆ. ಬದಲಿಗೆ ಅಳತೆಯ ನೀರು ಕೊಡಿ. ನಮ್ಮ ಕುಂಡಕ್ಕೆ ಬೇಕಿದ್ದದ್ದು 350 ಮಿಲಿ, ಕೊಟ್ಟದ್ದು 250, ಪೂರ್ತಿ ತುಂಬುವ ಅಗತ್ಯ ಇಲ್ಲ. ಪಂಪ್ ಎಷ್ಟು ಸುರಿಯುತ್ತದೆ ಅಂತ ಅಳತೆಯ ಮಗ್ ಇಟ್ಟು ನೋಡಿದೆವು: ಸೆಕೆಂಡಿಗೆ 25 ಮಿಲಿ. ಐದು ಸೆಕೆಂಡ್ ಓಡಿ, ಅರ್ಧ ಗಂಟೆ ಸುಮ್ನೆ ಇದ್ದು, ಮತ್ತೆ ಐದು ಸೆಕೆಂಡ್. ಆಮೇಲೆ ಆರು ಗಂಟೆ ಏನೇ ರೀಡಿಂಗ್ ಬಂದರೂ ಪಂಪ್ ಆನ್ ಆಗಬಾರದು.

```
bool needWater = (r > 390 && r < 520);
bool rested = (millis() - lastWater > 21600000UL);
if (needWater && rested) waterTwice();
```

ಇಲ್ಲಿ `r` ಒಂದೇ ಸಲ ಓದಿದ ಅಂಕಿ ಆಗಬಾರದು. ಹತ್ತಿಪ್ಪತ್ತು ಸಲ ಓದಿ, ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ ನಡುವಿನದನ್ನು ತೆಗೆದುಕೊಳ್ಳಿ. 520 ಯಾಕೆ ಇಟ್ಟೆವು ಅಂದರೆ, ಸೆನ್ಸರ್ ಮಣ್ಣಿನಿಂದ ಕಿತ್ತು ಬಂದರೆ ಅದು 590 ತೋರಿಸುತ್ತದೆ, ಪಂಪಿಗೆ ಅದು ಘೋರ ಬರಗಾಲ. ಅಂಥ ಅಂಕಿ ಬಂದರೆ ನೀರು ಬಿಡುವುದು ಬೇಡ, ಹೋಗಿ ನೋಡಬೇಕು.

ಸೆನ್ಸರಿನ ಪಕ್ಕ ಮಣ್ಣು ಸಡಿಲವಾಗಿದ್ದರೂ ಇದೇ ಕಥೆ, ಸ್ವಲ್ಪ ಚಿಕ್ಕದಾಗಿ. ಗಾಳಿಯ ಸಂದಿ ಇದ್ದರೆ ರೀಡಿಂಗ್ ಒಣಗಿದ ಕಡೆಗೆ ಸರಿಯುತ್ತದೆ. ಗುರುತಿನ ಗೆರೆಯವರೆಗೆ ಚುಚ್ಚಿ, ಸುತ್ತ ಮಣ್ಣು ಒತ್ತಿ, ಕ್ಯಾಲಿಬ್ರೇಶನ್ ಮುಗಿಯುವವರೆಗೂ ಆಮೇಲೂ ಅದನ್ನು ಅಲುಗಿಸಬೇಡಿ. ಕಿತ್ತು ಮತ್ತೆ ಚುಚ್ಚಿದರೆ, ಮಣ್ಣು ಬದಲಿಸಿದರೆ, ಅಷ್ಟೇ ಯಾಕೆ, ಅದೇ ಮಾದರಿಯ ಇನ್ನೊಂದು ಸೆನ್ಸರ್ ಹಾಕಿದರೂ 390 ಅನ್ನುವ ಅಂಕಿ ಹಳೆಯದಾಯಿತು. ಮತ್ತೆ ತೋಯಿಸಿ, ಬಸಿದು, ತೂಗಿ.