ಜಲಾಶಯದ ಪಟ್ಟಿಯನ್ನು ವಾಟ್ಸಾಪ್ ಮೆಸೇಜಿನಲ್ಲಿ ವಾಕ್ಯ ಮಾಡಿ ಹೇಳುವುದು ಹೇಗೆ?

ಓದುಗರ ಪ್ರಶ್ನೆ: ಕಾವೇರಿ ಕೊಳ್ಳದ ಜಲಾಶಯಗಳ ನೀರಿನ ಮಟ್ಟದ ಪಟ್ಟಿ ನನಗೆ ದಿನಾ ಪಿಡಿಎಫ್‌ನಲ್ಲಿ ಬರುತ್ತದೆ. ಅದನ್ನು ಕಾಪಿ ಮಾಡಿ ನಮ್ಮ ರೈತರ ವಾಟ್ಸಾಪ್ ಗುಂಪಿಗೆ ಹಾಕಿದರೆ ಅಂಕಿಗಳೆಲ್ಲ ಕಲಸಿಹೋಗುತ್ತವೆ. ಯಾವುದು ಮಟ್ಟ, ಯಾವುದು ಒಳಹರಿವು ಅಂತ ಯಾರಿಗೂ ಗೊತ್ತಾಗಲ್ಲ. ಇದನ್ನು ನಾಲ್ಕು ವಾಕ್ಯದಲ್ಲಿ ಸರಿಯಾಗಿ ಹೇಳುವುದು ಹೇಗೆ?

ಮೊದಲು ಯಾಕೆ ಕಲಸಿಹೋಗುತ್ತದೆ ಅಂತ ನೋಡೋಣ. ಪಿಡಿಎಫ್‌ನಲ್ಲಿ ನಿಮಗೆ ಕಾಣುವ ಗೆರೆಗಳು, ಮನೆಗಳು ಬರೀ ಚಿತ್ರ. ಕಾಪಿ ಮಾಡಿದಾಗ ಅಕ್ಷರ ಮತ್ತು ಅಂಕಿ ಮಾತ್ರ ಬರುತ್ತವೆ, ಗೆರೆ ಬರುವುದಿಲ್ಲ. ಸ್ಪೇಸ್ ಕೊಟ್ಟು ಜೋಡಿಸಲು ಹೋದರೆ ಅದೂ ನಿಲ್ಲುವುದಿಲ್ಲ. ಕನ್ನಡ ಅಕ್ಷರಗಳ ಅಗಲ ಒಂದೇ ಸಮ ಇರುವುದಿಲ್ಲ. ಫೋನಿನ ಪರದೆ ಕಿರಿದು, ಸಾಲು ಮಧ್ಯದಲ್ಲೇ ಮುರಿದು ಕೆಳಗೆ ಬೀಳುತ್ತದೆ. ಸ್ಕ್ರೀನ್‌ಶಾಟ್ ಕಳಿಸಬಹುದು ನಿಜ. ಆದರೆ ವಯಸ್ಸಾದವರು ಅದನ್ನು ಹಿಗ್ಗಿಸಿ ಹಿಗ್ಗಿಸಿ ಓದಬೇಕು. ಕಣ್ಣು ಕಾಣದವರ ಫೋನು ಮೆಸೇಜನ್ನು ಗಟ್ಟಿಯಾಗಿ ಓದಿ ಹೇಳುತ್ತದೆ, ಫೋಟೋದೊಳಗಿನ ಅಂಕಿಯನ್ನು ಹಾಗೆ ಓದುತ್ತದೆ ಅಂತ ನಂಬುವ ಹಾಗಿಲ್ಲ. ವಾಕ್ಯವೇ ಒಳ್ಳೆಯದು.

ಕಾಪಿ ಮಾಡಿದಾಗ ಪಟ್ಟಿ ಹೀಗೆ ಬಂತು ಅಂದುಕೊಳ್ಳಿ. ತುಂಬಿದ ಮಟ್ಟ ಮತ್ತು ಪೂರ್ಣ ಸಾಮರ್ಥ್ಯ ನಿಜವಾದವು. ಉಳಿದ ಅಂಕಿಗಳನ್ನು ಉದಾಹರಣೆಗಾಗಿ ನಾನೇ ಹಾಕಿದ್ದೇನೆ.

```
ಕೆಆರ್‌ಎಸ್ 124.80 49.45 110.50 32.10 47.90 18240 3150
ಕಬಿನಿ 2284.00 19.52 2280.50 17.00 18.60 12600 10000
ಹೇಮಾವತಿ 2922.00 37.10 2905.30 22.80 34.75 9870 250
ಹಾರಂಗಿ 2859.00 8.50 2855.20 7.20 6420 5000
```

ಪಟ್ಟಿಯ ತಲೆಬರಹದ ಪ್ರಕಾರ ಏಳು ಅಂಕಣಗಳಿವೆ: ತುಂಬಿದ ಮಟ್ಟ ಅಡಿಯಲ್ಲಿ, ಪೂರ್ಣ ಸಾಮರ್ಥ್ಯ ಟಿಎಂಸಿಯಲ್ಲಿ, ಇಂದಿನ ಮಟ್ಟ, ಇಂದಿನ ಸಂಗ್ರಹ, ಕಳೆದ ವರ್ಷ ಇದೇ ದಿನದ ಸಂಗ್ರಹ, ಒಳಹರಿವು ಮತ್ತು ಹೊರಹರಿವು ಕ್ಯೂಸೆಕ್‌ನಲ್ಲಿ.

ವಾಕ್ಯ ಬರೆಯುವ ಮೊದಲು ಪ್ರತಿ ಸಾಲಿನಲ್ಲಿ ಎಷ್ಟು ಅಂಕಿ ಇದೆ ಅಂತ ಎಣಿಸಿ. ಹಾರಂಗಿ ಸಾಲಿನಲ್ಲಿ ಆರೇ ಇವೆ. ಅಂದರೆ ಮೂಲದಲ್ಲಿ ಒಂದು ಮನೆ ಖಾಲಿ ಇತ್ತು, ಕಾಪಿ ಮಾಡುವಾಗ ಮುಂದಿನ ಅಂಕಿಗಳು ಎಡಕ್ಕೆ ಸರಿದಿವೆ. ಗಮನಿಸದೆ ಓದಿದರೆ ‘ಕಳೆದ ವರ್ಷ ಹಾರಂಗಿಯಲ್ಲಿ 6420 ಟಿಎಂಸಿ ಇತ್ತು’ ಅಂತ ಆಗುತ್ತದೆ. 8.50 ಟಿಎಂಸಿ ಹಿಡಿಯುವ ಜಲಾಶಯದಲ್ಲಿ ಅದು ಆಗದ ಮಾತು. ಇಲ್ಲಿ ಅಂಕಿ ಅಷ್ಟು ದೊಡ್ಡದಾದ್ದರಿಂದ ತಪ್ಪು ಕಣ್ಣಿಗೆ ಬಿತ್ತು. ಆದರೆ ಬೇಸಿಗೆಯಲ್ಲಿ ಒಳಹರಿವು 7 ಕ್ಯೂಸೆಕ್ ಅಂತ ಇದ್ದಿದ್ದರೆ? ‘ಕಳೆದ ವರ್ಷ 7 ಟಿಎಂಸಿ’ ಅಂತ ಯಾರಿಗೂ ಅನುಮಾನ ಬರದೆ ಗುಂಪಿನಿಂದ ಗುಂಪಿಗೆ ಹೋಗುತ್ತಿತ್ತು. ಅದಕ್ಕೇ ಎಣಿಕೆ ಮುಖ್ಯ. ಅಂಕಿ ಕಡಿಮೆ ಬಂದ ಸಾಲನ್ನು ಮೂಲ ಪಿಡಿಎಫ್ ತೆರೆದು, ಯಾವ ಮನೆ ಖಾಲಿ ಅಂತ ಕಣ್ಣಿನಿಂದಲೇ ನೋಡಿ.

ಚುಕ್ಕೆ ಬಿದ್ದುಹೋಗುವುದು, ಅಂಕಿ ಅದಲು ಬದಲಾಗುವುದು ಇನ್ನೊಂದು ತೊಂದರೆ. ಪಟ್ಟಿಯನ್ನು ಫೋಟೋದಿಂದ ಓದಿಸಿದಾಗ ಇದು ಜಾಸ್ತಿ. ಇದನ್ನು ಹಿಡಿಯಲು ಒಂದು ಸುಲಭ ಲೆಕ್ಕ ಇದೆ. 11,574 ಕ್ಯೂಸೆಕ್ ನೀರು ಒಂದು ಇಡೀ ದಿನ ಹರಿದರೆ ಒಂದು ಟಿಎಂಸಿ ಆಗುತ್ತದೆ. ಕೆಆರ್‌ಎಸ್‌ಗೆ ಬರುತ್ತಿರುವುದು 18,240, ಹೋಗುತ್ತಿರುವುದು 3,150. ಒಳಗೆ ಉಳಿಯುವುದು 15,090 ಕ್ಯೂಸೆಕ್, ಅಂದರೆ ದಿನಕ್ಕೆ ಸುಮಾರು 1.30 ಟಿಎಂಸಿ. ನಿನ್ನೆಯ ಮೆಸೇಜಿನಲ್ಲಿ 30.80 ಟಿಎಂಸಿ ಅಂತ ಇದ್ದರೆ ಇಂದಿನ 32.10 ಹೊಂದುತ್ತದೆ. ಒಳಹರಿವು ದಿನವಿಡೀ ಒಂದೇ ಸಮ ಇರುವುದಿಲ್ಲ, ಹಾಗಾಗಿ ಲೆಕ್ಕ ಕರಾರುವಾಕ್ಕಾಗಿ ಬರಲ್ಲ, ಆಸುಪಾಸು ಬಂದರೆ ಸಾಕು. 23.10 ಅಂತಲೋ 3.21 ಅಂತಲೋ ಬಂದಿದ್ದರೆ ಈ ಲೆಕ್ಕದಲ್ಲಿ ತಕ್ಷಣ ಸಿಕ್ಕಿಬೀಳುತ್ತದೆ.

ಅಂಕಿಗಳು ಸರಿ ಇವೆ ಅಂತಾದ ಮೇಲೆ ಯಾವುದನ್ನು ಹೇಳಬೇಕು ಅನ್ನುವ ಪ್ರಶ್ನೆ. ಇಪ್ಪತ್ತೇಳು ಅಂಕಿಯನ್ನೂ ವಾಕ್ಯಕ್ಕೆ ತುರುಕಿದರೆ ಅದು ಪಟ್ಟಿಗಿಂತ ಕಷ್ಟ. ಗುಂಪಿನವರಿಗೆ ಬೇಕಾದ್ದು ಎರಡೇ: ನೀರು ಎಷ್ಟಿದೆ, ಏರುತ್ತಿದೆಯೋ ಇಳಿಯುತ್ತಿದೆಯೋ. ಇಲ್ಲಿ ಒಂದು ಜಾಗದಲ್ಲಿ ತುಂಬಾ ಜನ ಎಡವುತ್ತಾರೆ, ಸ್ವಲ್ಪ ನಿಂತು ನೋಡೋಣ.

‘ಎಷ್ಟು ತುಂಬಿದೆ’ ಅನ್ನುವುದನ್ನು ಮಟ್ಟದಿಂದ ಲೆಕ್ಕ ಹಾಕಬಾರದು. ಕಬಿನಿಯ 2284 ಅಡಿ ಸಮುದ್ರ ಮಟ್ಟದಿಂದ ಅಳೆದದ್ದು. 2280.50ನ್ನು 2284ರಿಂದ ಭಾಗಿಸಿದರೆ ನೂರಕ್ಕೆ 99ಕ್ಕೂ ಮೇಲೆ ಬರುತ್ತದೆ. ಹೆಚ್ಚುಕಮ್ಮಿ ತುಂಬಿಯೇ ಹೋಗಿದೆ ಅನ್ನಿಸುತ್ತದೆ ಅಲ್ವಾ? ಸಂಗ್ರಹ ನೋಡಿದರೆ 19.52ರಲ್ಲಿ 17.00, ಅಂದರೆ ನೂರಕ್ಕೆ 87. ಕೆಆರ್‌ಎಸ್‌ನ 124.80 ಅಡಿ ಸಮುದ್ರ ಮಟ್ಟದಿಂದ ಅಳೆದದ್ದಲ್ಲ, ಆದರೂ ಮೋಸ ಅಲ್ಲಿಯೂ ಇದೆ. ಮಟ್ಟದಲ್ಲಿ ನೋಡಿದರೆ ಬಾಕಿ ಇರುವುದು 14.30 ಅಡಿ, ನೂರಕ್ಕೆ 11ರಷ್ಟು. ನೀರಿನಲ್ಲಿ ನೋಡಿದರೆ ಬಾಕಿ 17.35 ಟಿಎಂಸಿ, ನೂರಕ್ಕೆ 35ರಷ್ಟು! ಜಲಾಶಯ ಮೇಲೆ ಹೋದಂತೆ ಅಗಲವಾಗುತ್ತದೆ, ಮೇಲಿನ ಒಂದೊಂದು ಅಡಿಯಲ್ಲೂ ತಳದ ಅಡಿಗಿಂತ ಎಷ್ಟೋ ಜಾಸ್ತಿ ನೀರು ಹಿಡಿಯುತ್ತದೆ. ಆದ್ದರಿಂದ ಶೇಕಡಾವಾರು ಹೇಳುವುದಾದರೆ ಟಿಎಂಸಿಯಿಂದಲೇ ಹೇಳಿ. ಹಾಗಂತ ಅಡಿಯನ್ನು ಬಿಡಬೇಡಿ. ಮಂಡ್ಯ ಕಡೆಯವರು ‘ಕಟ್ಟೆ ಎಷ್ಟಡಿಗೆ ಬಂತು’ ಅಂತಲೇ ಕೇಳುವುದು.

ಒಟ್ಟು ಹೇಳುವಾಗಲೂ ಯಾವುದನ್ನು ಕೂಡಿಸಬಹುದು, ಯಾವುದನ್ನು ಕೂಡಿಸಬಾರದು ಅಂತ ನೋಡಬೇಕು. ಸಂಗ್ರಹವನ್ನು ಕೂಡಿಸಬಹುದು: 79.10 ಟಿಎಂಸಿ, ಒಟ್ಟು ಸಾಮರ್ಥ್ಯ 114.57. ಒಳಹರಿವನ್ನು ಕೂಡಿಸಬಾರದು. ಹೇಮಾವತಿ, ಹಾರಂಗಿಯಿಂದ ನದಿಗೆ ಬಿಟ್ಟ ನೀರು ಕೆಳಗೆ ಕೆಆರ್‌ಎಸ್‌ಗೇ ಬಂದು ಸೇರುತ್ತದೆ. ಕೂಡಿಸಿದರೆ ಅದೇ ನೀರನ್ನು ಎರಡು ಸಲ ಎಣಿಸಿದ ಹಾಗೆ. ಕಬಿನಿಯ ಕಥೆ ಬೇರೆ, ಅದು ಕೆಆರ್‌ಎಸ್ ದಾಟಿದ ಮೇಲೆ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. ಕಳೆದ ವರ್ಷದ ಒಟ್ಟನ್ನೂ ಇಂದು ಹೇಳುವ ಹಾಗಿಲ್ಲ, ಹಾರಂಗಿಯ ಅಂಕಿ ಇಲ್ಲವಲ್ಲ. ಮೂರರ ಮೊತ್ತವನ್ನು ನಾಲ್ಕರ ಮೊತ್ತದ ಪಕ್ಕ ಇಟ್ಟರೆ ಹೋಲಿಕೆ ಸುಳ್ಳಾಗುತ್ತದೆ. ಒಂದೊಂದು ಜಲಾಶಯಕ್ಕೂ ಬೇರೆ ಬೇರೆಯಾಗಿ ಹೇಳಿ, ಇಲ್ಲದ ಕಡೆ ಇಲ್ಲ ಅಂತಲೇ ಬರೆಯಿರಿ.

ಈಗ ಮೆಸೇಜ್ ಬರೆಯೋಣ.

```
ಕಾವೇರಿ ಕೊಳ್ಳದ ಜಲಾಶಯಗಳು, ಜುಲೈ 12, ಬೆಳಿಗ್ಗೆ 8 ಗಂಟೆ

ನಾಲ್ಕೂ ಜಲಾಶಯ ಸೇರಿ 79.10 ಟಿಎಂಸಿ ನೀರಿದೆ.
ಇದು ಒಟ್ಟು ಸಾಮರ್ಥ್ಯದ ನೂರಕ್ಕೆ 69ರಷ್ಟು.
ನಾಲ್ಕರಲ್ಲೂ ಬರುವ ನೀರು ಹೋಗುವ ನೀರಿಗಿಂತ ಜಾಸ್ತಿ ಇದೆ.

*ಕೆಆರ್‌ಎಸ್*: ಮಟ್ಟ 110.50 ಅಡಿ, ತುಂಬಲು ಇನ್ನೂ 14.30 ಅಡಿ.
ಸಂಗ್ರಹ 32.10 ಟಿಎಂಸಿ, ಕಳೆದ ವರ್ಷ ಇದೇ ದಿನ 47.90 ಇತ್ತು.
ಒಳಹರಿವು 18,240 ಕ್ಯೂಸೆಕ್, ಹೊರಹರಿವು 3,150 ಕ್ಯೂಸೆಕ್.

*ಹಾರಂಗಿ*: ಮಟ್ಟ 2855.20 ಅಡಿ, ತುಂಬಲು ಇನ್ನೂ 3.80 ಅಡಿ.
ಸಂಗ್ರಹ 7.20 ಟಿಎಂಸಿ, ಕಳೆದ ವರ್ಷದ ಅಂಕಿ ಪಟ್ಟಿಯಲ್ಲಿಲ್ಲ.
ಒಳಹರಿವು 6,420 ಕ್ಯೂಸೆಕ್, ಹೊರಹರಿವು 5,000 ಕ್ಯೂಸೆಕ್.
```

ಕಬಿನಿ, ಹೇಮಾವತಿಗೂ ಇದೇ ಅಚ್ಚು. ಎರಡು ಬದಿಯ ನಕ್ಷತ್ರ ಚಿಹ್ನೆ ವಾಟ್ಸಾಪ್‌ನಲ್ಲಿ ಹೆಸರನ್ನು ದಪ್ಪಕ್ಷರ ಮಾಡುತ್ತದೆ, ತಮ್ಮ ಜಲಾಶಯ ಹುಡುಕುವವರಿಗೆ ಅನುಕೂಲ. ಮಟ್ಟ, ಸಂಗ್ರಹ, ಹರಿವು ಅನ್ನುವ ಕ್ರಮವನ್ನು ಯಾವ ಜಲಾಶಯಕ್ಕೂ ಬದಲಿಸಬೇಡಿ. ಓದುವವರ ಕಣ್ಣು ಅಂಕಣದ ಬದಲು ಆ ಕ್ರಮವನ್ನೇ ಹಿಡಿದು ನಡೆಯುತ್ತದೆ. ಪಟ್ಟಿಯಲ್ಲಿ ಅಡಿ, ಟಿಎಂಸಿ ಅಂತ ತಲೆಬರಹದಲ್ಲಿ ಒಂದು ಸಲ ಇದ್ದರೆ ಸಾಕಿತ್ತು, ವಾಕ್ಯದಲ್ಲಿ ಅಂಕಿಯ ಪಕ್ಕದಲ್ಲೇ ಇರಬೇಕು. ಯಾರಾದರೂ ಕೆಆರ್‌ಎಸ್ ಭಾಗ ಮಾತ್ರ ಕಾಪಿ ಮಾಡಿ ಬೇರೆ ಗುಂಪಿಗೆ ಹಾಕಿದರೂ ಅರ್ಥ ಕೆಡಬಾರದು.

ಪಟ್ಟಿಯಲ್ಲಿ ಇಲ್ಲದ್ದನ್ನು ಸೇರಿಸುವ ಆಸೆ ಈ ಹೊತ್ತಿನಲ್ಲೇ ಬರುತ್ತದೆ. ಹೊರಹರಿವು 3,150 ಕ್ಯೂಸೆಕ್ ಅಂತ ಕಂಡ ಕೂಡಲೇ ‘ನಾಲೆಗೆ 3,150 ಕ್ಯೂಸೆಕ್ ಬಿಟ್ಟಿದ್ದಾರೆ’ ಅಂತ ಬರೆದುಬಿಡುತ್ತೇವೆ. ಆದರೆ ಹೊರಹರಿವಿನಲ್ಲಿ ನದಿಗೆ ಬಿಟ್ಟದ್ದೂ ಇರಬಹುದು, ನಾಲೆಗೆ ಬಿಟ್ಟದ್ದೂ ಇರಬಹುದು. ಎರಡನ್ನೂ ಬೇರೆ ಮಾಡಿ ತೋರಿಸದ ಪಟ್ಟಿಯಿಂದ ಅದು ತಿಳಿಯುವುದಿಲ್ಲ. ವಿ.ಸಿ. ನಾಲೆಯ ಕೊನೆಯಲ್ಲಿರುವ ರೈತ ನಿಮ್ಮ ಆ ಒಂದು ಮಾತು ನಂಬಿ ಒಟ್ಲು ಹಾಕಲು ಹೊರಡಬಹುದು. ಹಾಗೇ 17.35 ಟಿಎಂಸಿ ಬಾಕಿ, ದಿನಕ್ಕೆ 1.30 ಬರುತ್ತಿದೆ, ಇನ್ನು ಹದಿಮೂರು ದಿನಕ್ಕೆ ಕಟ್ಟೆ ತುಂಬುತ್ತದೆ ಅನ್ನುವ ಲೆಕ್ಕವನ್ನೂ ಬರೆಯಬೇಡಿ. ಕೊಡಗಿನಲ್ಲಿ ಎರಡು ದಿನ ಮಳೆ ನಿಂತರೆ ಒಳಹರಿವು ಅರ್ಧಕ್ಕೆ ಇಳಿಯಬಹುದು.

ಅಂಕಿಯನ್ನು ಸುತ್ತು ಮಾಡುವ ವಿಷಯದಲ್ಲಿ ನನ್ನ ಅಭಿಪ್ರಾಯ ಇದು. ಹರಿವನ್ನು ‘18 ಸಾವಿರ ಕ್ಯೂಸೆಕ್‌ಗೂ ಜಾಸ್ತಿ’ ಅಂದರೆ ನಷ್ಟವಿಲ್ಲ, ಅದು ಗಂಟೆ ಗಂಟೆಗೂ ಬದಲಾಗುತ್ತಿರುತ್ತದೆ. ಮಟ್ಟವನ್ನು ಮಾತ್ರ ಸುತ್ತು ಮಾಡಬೇಡಿ. 110.50ನ್ನು 111 ಅಂದರೆ ನಾಳೆ 110.90 ಆದಾಗ ನೀರು ಏರಿದ್ದರೂ ನಿಮ್ಮ ಮೆಸೇಜಿನಲ್ಲಿ ನಿಂತಲ್ಲೇ ನಿಂತಿರುತ್ತದೆ.

ಸ್ಮಾರ್ಟ್‌ಫೋನ್ ಇಲ್ಲದವರಿಗೆ ಎಸ್‌ಎಂಎಸ್ ಕಳಿಸುವುದಾದರೆ ಇನ್ನೂ ಕತ್ತರಿಸಬೇಕು. ಇಂಗ್ಲಿಷ್ ಅಕ್ಷರದ ಒಂದು ಎಸ್‌ಎಂಎಸ್‌ನಲ್ಲಿ 160 ಹಿಡಿಯುತ್ತದೆ, ಕನ್ನಡದಲ್ಲಿ 70 ಮಾತ್ರ. ದಾಟಿದರೆ ಎರಡು ಮೆಸೇಜಿನ ಲೆಕ್ಕ. ಅದರ ಮೇಲೆ ಗುಣಿತದ ಗುರುತು, ಅರ್ಧಾಕ್ಷರದ ಗುರುತು ಎಲ್ಲವೂ ಬೇರೆ ಬೇರೆ ಎಣಿಕೆಯಾಗುತ್ತವೆ. ‘ಕೆಆರ್‌ಎಸ್’ ಅನ್ನುವುದು ಕಣ್ಣಿಗೆ ಐದು ಅಕ್ಷರ, ಎಣಿಕೆಗೆ ಒಂಬತ್ತು. ಹಾಗಾಗಿ ಒಂದು ಜಲಾಶಯಕ್ಕೆ ಒಂದು ಎಸ್‌ಎಂಎಸ್:

```
ಕೆಆರ್‌ಎಸ್ 110.50 ಅಡಿ, 32.10 ಟಿಎಂಸಿ. ಒಳಗೆ 18240, ಹೊರಗೆ 3150 ಕ್ಯೂಸೆಕ್.
```

ಇದು 68 ಆಗುತ್ತದೆ. ದಿನಾಂಕಕ್ಕೆ ಜಾಗ ಉಳಿಯಲಿಲ್ಲ, ಹಾಗಾಗಿ ಅಂದಿನ ಪಟ್ಟಿಯನ್ನು ಅಂದೇ ಕಳಿಸಿ. ನಿನ್ನೆಯದು ಇಂದು ಹೋದರೆ ಓದಿದವರು ಇಂದಿನದು ಅಂತಲೇ ತಿಳಿಯುತ್ತಾರೆ. ಆಗ ಎರಡು ಎಸ್‌ಎಂಎಸ್ ಖರ್ಚಾದರೂ ದಿನಾಂಕ ಹಾಕಿಯೇ ಕಳಿಸಿ. ವಾಟ್ಸಾಪ್‌ಗೆ ನಿನ್ನೆಯ ಮೆಸೇಜನ್ನೇ ತೆಗೆದು ಅಂಕಿ ತಿದ್ದುವ ಅಭ್ಯಾಸ ಇದ್ದರೆ, ತಿದ್ದುವ ಮೊದಲು ಹಳೆಯ ಅಂಕಿಗಳನ್ನೆಲ್ಲ ಅಳಿಸಿ ಜಾಗ ಖಾಲಿ ಮಾಡಿಕೊಳ್ಳಿ. ಯಾವುದಾದರೂ ಒಂದನ್ನು ತುಂಬಲು ಮರೆತರೆ ಆ ಜಾಗ ಖಾಲಿ ಕಾಣುತ್ತದೆ, ನಿನ್ನೆಯ ಅಂಕಿ ಇಂದಿನದರ ಜೊತೆ ಸೇರಿ ಹೋಗುವುದಿಲ್ಲ.