ವ್ಯಾಪ್ತಿ: ‘ಬೈ’ ಎಂದ ಮೇಲೆ ಗೆರೆ ಎಲ್ಲಿಯವರೆಗೆ?

ಒಂದು ಗಣಿತ ಚಿಹ್ನೆಯ ಹಿಡಿತ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂಬುದನ್ನು ಇಲ್ಲಿ ವ್ಯಾಪ್ತಿ ಎನ್ನುತ್ತಿದ್ದೇನೆ. ಸಂಖ್ಯಾಶಾಸ್ತ್ರದಲ್ಲಿ ಗರಿಷ್ಠ ಬೆಲೆಯಿಂದ ಕನಿಷ್ಠ ಬೆಲೆ ಕಳೆದರೆ ಸಿಗುವ ವ್ಯಾಪ್ತಿಯೇ ಬೇರೆ, ಅದು ಇದಲ್ಲ. ಭಿನ್ನರಾಶಿಯ ಅಡ್ಡಗೆರೆಯ ಕೆಳಗೆ ಯಾವ ಯಾವ ಅಕ್ಷರ ಬರುತ್ತವೆ, ತಲೆಯ ಮೇಲೆ ಕೂತ ಪುಟ್ಟ ನಾಲ್ಕು ಯಾರ ಘಾತಾಂಕ, ವರ್ಗಮೂಲದ ಚಪ್ಪರ ಎಷ್ಟು ದೂರ ಚಾಚಿದೆ ಎಂಬವೇ ವ್ಯಾಪ್ತಿಯ ಪ್ರಶ್ನೆಗಳು.

ಬೋರ್ಡಿನ ಮೇಲೆ ಈ ಪ್ರಶ್ನೆ ಏಳುವುದೇ ಇಲ್ಲ, ಗೆರೆಯ ಉದ್ದವನ್ನು ಕಣ್ಣೇ ಅಳೆಯುತ್ತದೆ. ಪಾಠವನ್ನು ರೆಕಾರ್ಡ್ ಮಾಡುವಾಗ ಸಮಸ್ಯೆ ಶುರುವಾಗುತ್ತದೆ. ವಿಡಿಯೊದಲ್ಲಿ ಸೂತ್ರ ಕಾಣುತ್ತದಲ್ಲ ಎನ್ನಬಹುದು. ಆದರೆ ಮದ್ದೂರಿನಿಂದಲೋ ಪಾಂಡವಪುರದಿಂದಲೋ ಮೈಸೂರಿನ ಕಾಲೇಜಿಗೆ ರೈಲಿನಲ್ಲಿ ಓಡಾಡುವ ಹುಡುಗರು ಪಾಠವನ್ನು ಇಯರ್‌ಫೋನಿನಲ್ಲಿ ಕೇಳುತ್ತಾರೆ, ಫೋನು ಜೇಬಿನಲ್ಲಿರುತ್ತದೆ. ಮನೆಯಲ್ಲಿ ಕೂತು ನೋಡುವವರೂ ನೋಟ್ಸ್ ಬರೆಯುವ ಹೊತ್ತಿಗೆ ಕಣ್ಣನ್ನು ಪುಸ್ತಕಕ್ಕೆ ಇಳಿಸಿರುತ್ತಾರೆ. ದೃಷ್ಟಿಯಿಲ್ಲದ ವಿದ್ಯಾರ್ಥಿಗಂತೂ ಧ್ವನಿಯೇ ಬೋರ್ಡು. ಹಾಗಾಗಿ ಸೂತ್ರ ಕಿವಿಯ ಮೂಲಕವೇ ಪೂರ್ತಿ ತಲುಪಬೇಕು.

ಒಂದೇ ಸೂತ್ರ ಹಿಡಿದು ನೋಡೋಣ. ಎರಡೂ ತುದಿಯಲ್ಲಿ ಸರಳ ಆಧಾರವಿರುವ ಬೀಮಿನ ಮೇಲೆ ಉದ್ದಕ್ಕೂ ಸಮನಾಗಿ ಭಾರ ಬಿದ್ದರೆ ನಟ್ಟನಡುವೆ ಅದು ಎಷ್ಟು ಬಾಗುತ್ತದೆ ಎಂದು ಹೇಳುವ ಸೂತ್ರವಿದು:

δ = 5wL⁴ / 384EI

ಇಲ್ಲಿ w ಎಂದರೆ ಪ್ರತಿ ಉದ್ದಮಾನಕ್ಕೆ ಬೀಳುವ ಭಾರ, L ಬೀಮಿನ ಉದ್ದ, E ಉಕ್ಕಿನ ಸ್ಥಿತಿಸ್ಥಾಪಕತ್ವದ ಗುಣಾಂಕ, I ಬೀಮಿನ ಅಡ್ಡಕೊಯ್ತದ ಆಕಾರದಿಂದ ಬರುವ ಜಡತ್ವ ಮಹತ್ವ. ತರಗತಿಯಲ್ಲಿ ನಾವೆಲ್ಲ ಇದನ್ನು ಒಂದೇ ಉಸಿರಿಗೆ ‘ಫೈವ್ ಡಬ್ಲ್ಯೂ ಎಲ್ ಪವರ್ ಫೋರ್ ಬೈ ತ್ರೀ ಎಯ್ಟಿಫೋರ್ ಇ ಐ’ ಎಂದು ಓದಿಬಿಡುತ್ತೇವೆ. ಕೈ ಬೋರ್ಡಿನ ಮೇಲೆ ಓಡುತ್ತಿರುವಾಗ ಇದು ಸಾಕು. ಕಿವಿಗೆ ಮಾತ್ರ ಬಿದ್ದರೆ ಇದರಿಂದ ಕನಿಷ್ಠ ಮೂರು ಬೇರೆ ಬೇರೆ ಸೂತ್ರ ಬರೆಯಬಹುದು.

ಎಷ್ಟು ವ್ಯತ್ಯಾಸವಾಗುತ್ತದೆ ಎಂದು ಲೆಕ್ಕ ಹಾಕಿಯೇ ನೋಡಬೇಕು. ಮಂಡ್ಯದ ಕಡೆ ಒಂದು ಆಲೆಮನೆಯಲ್ಲಿ ಬೆಲ್ಲ ಪೇರಿಸಲು ಅಟ್ಟ ಕಟ್ಟುತ್ತಿದ್ದಾರೆ ಎಂದುಕೊಳ್ಳಿ. ಐದು ಮೀಟರ್ ಉದ್ದದ, ಭಾರತೀಯ ಮಾನಕದಲ್ಲಿ ಐಎಸ್‌ಎಂಬಿ 250 ಎನ್ನುವ ಅಳತೆಯ ಉಕ್ಕಿನ ಬೀಮು, ಮೀಟರಿಗೆ 10 ಕಿಲೊನ್ಯೂಟನ್ ಭಾರ. ಮಿಲಿಮೀಟರು ಮತ್ತು ನ್ಯೂಟನ್ನಿನಲ್ಲಿ ಬರೆದರೆ w = 10, L = 5000, E = 2×10⁵. ಈ ಬೀಮಿಗೆ I ಸುಮಾರು 5×10⁷. ಗೆರೆಯ ಮೇಲಿನದನ್ನೆಲ್ಲ ಗುಣಿಸಿದರೆ 3.125×10¹⁶, ಅದನ್ನು 384ರಿಂದಲೂ EI ಅಂದರೆ 10¹³ರಿಂದಲೂ ಭಾಗಿಸಿದರೆ 8.1 ಮಿಲಿಮೀಟರ್ ಬರುತ್ತದೆ. ಐದು ಮೀಟರಿನ ಬೀಮು ಎಂಟು ಮಿಲಿಮೀಟರ್ ಬಾಗಿದರೆ ಯಾರೂ ತಲೆಕೆಡಿಸಿಕೊಳ್ಳಬೇಕಾಗಿಲ್ಲ.

ಈಗ ‘ಡಬ್ಲ್ಯೂ ಎಲ್ ಪವರ್ ಫೋರ್’ ಎಂಬುದನ್ನು ಒಬ್ಬ ಹುಡುಗ (wL)⁴ ಎಂದು ಬರೆದುಕೊಂಡ ಎನ್ನಿ. w ಕೂಡ ನಾಲ್ಕು ಸಲ ಗುಣಿಸಿಕೊಳ್ಳುತ್ತದೆ, ಉತ್ತರ ಸಾವಿರ ಪಟ್ಟಾಗುತ್ತದೆ. ಐದು ಮೀಟರಿನ ಬೀಮು ಎಂಟು ಮೀಟರ್ ಕೆಳಗೆ ಬಾಗಿತು ಎಂದು ಬರುತ್ತದೆ. ‘ಸಾ, ಪವರ್ರು ಡಬ್ಲ್ಯೂಗೂ ಬತ್ತದಾ?’ ಎಂದು ಕ್ಲಾಸಿನಲ್ಲಾದರೆ ಕೇಳುತ್ತಾರೆ. ರೆಕಾರ್ಡಿಂಗನ್ನು ಹಾಗೆ ಕೇಳಲಾಗುವುದಿಲ್ಲ.

ಇಂಗ್ಲಿಷ್ ಬಿಟ್ಟು ಕನ್ನಡದಲ್ಲಿ ಓದಿದರೆ ಇದು ತಾನಾಗಿ ಸರಿಹೋಗುತ್ತದೆಯೇ? ಇಲ್ಲ, ಒಂದು ವಿಷಯದಲ್ಲಿ ಇನ್ನಷ್ಟು ಹುಷಾರಾಗಿರಬೇಕು. ‘ರಾಮ ಲಕ್ಷ್ಮಣರ ತಂದೆ’ ಎಂದರೆ ಕೊನೆಯ ಹೆಸರಿಗೆ ಹತ್ತಿದ ವಿಭಕ್ತಿ ಇಬ್ಬರಿಗೂ ಸಲ್ಲುತ್ತದೆ. ಅದೇ ಕಿವಿಗೆ ‘ಡಬ್ಲ್ಯೂ ಎಲ್‌ನ ನಾಲ್ಕನೇ ಘಾತ’ ಎಂದು ಕೇಳಿಸಿದರೆ ಘಾತ ಎರಡಕ್ಕೂ ಸೇರಿದ್ದು ಎಂದುಕೊಳ್ಳುವುದು ಸಹಜ. ಆದ್ದರಿಂದ ವ್ಯಾಪ್ತಿಯನ್ನು ಬಾಯಿಬಿಟ್ಟು ಹೇಳುವುದೇ ಸರಿ: ‘ಡಬ್ಲ್ಯೂ, ಎಲ್‌ನ ನಾಲ್ಕನೇ ಘಾತ; ಘಾತ ಎಲ್‌ಗೆ ಮಾತ್ರ.’ ಎರಡಕ್ಕೂ ಬರಬೇಕಿದ್ದರೆ ‘ಆವರಣದೊಳಗೆ ಡಬ್ಲ್ಯೂ ಎಲ್, ಇಡೀ ಆವರಣಕ್ಕೆ ನಾಲ್ಕನೇ ಘಾತ.’ ನಮ್ಮ ಕಡೆ ಮೇಷ್ಟ್ರುಗಳು ‘ಎ ಪ್ಲಸ್ ಬಿ ಹೋಲ್ ಸ್ಕ್ವೇರ್’ ಎನ್ನುವಾಗ ಆ ‘ಹೋಲ್’ ಮಾಡುವ ಕೆಲಸ ಇದೇ. ಹೈಸ್ಕೂಲಿನಿಂದ ಮಕ್ಕಳ ಕಿವಿಗೆ ಒಗ್ಗಿದ ಆ ಮಾತನ್ನು ಅಚ್ಚಗನ್ನಡದ ಹೆಸರಿನಲ್ಲಿ ಕಿತ್ತುಹಾಕಬಾರದು ಎಂದೇ ನನ್ನ ಅಭಿಪ್ರಾಯ.

‘ನಾಲ್ಕನೇ ಘಾತ’ಕ್ಕೂ ‘ನಾಲ್ಕರ ಘಾತ’ಕ್ಕೂ ಅಜಗಜಾಂತರವಿದೆ. ‘ಎಲ್‌ನ ನಾಲ್ಕನೇ ಘಾತ’ ಎಂದರೆ L⁴. ‘ನಾಲ್ಕರ ಘಾತ ಎಲ್’ ಎಂದರೆ ನಾಲ್ಕು ಕೆಳಗಿಳಿದು ಎಲ್ ತಲೆಯ ಮೇಲೇರುತ್ತದೆ. ಅವಸರದಲ್ಲಿ ಓದುವಾಗ ‘ನೇ’ ಮತ್ತು ‘ರ’ ಅದಲುಬದಲಾಗುತ್ತವೆ. ಹತ್ತರ ಘಾತಗಳಿಗೆ ಮಾತ್ರ ನಮಗೊಂದು ಅನುಕೂಲವಿದೆ. E ಬೆಲೆಯನ್ನು ‘ಎರಡು ಇಂಟು ಹತ್ತರ ಘಾತ ಐದು’ ಎಂದ ಕೂಡಲೇ ‘ಅಂದರೆ ಎರಡು ಲಕ್ಷ’ ಎಂದು ಸೇರಿಸಬಹುದು, I ಬೆಲೆಗೆ ‘ಅಂದರೆ ಐದು ಕೋಟಿ’ ಎನ್ನಬಹುದು. ಘಾತಾಂಕ ಕಿವಿಗೆ ತಪ್ಪಿ ಬಿದ್ದಿದ್ದರೂ ಲಕ್ಷ, ಕೋಟಿ ತಪ್ಪುವುದಿಲ್ಲ.

ಇನ್ನು ಗೆರೆಯ ಕೆಳಗಿನ ಕಥೆ. ‘ಬೈ ಮುನ್ನೂರ ಎಂಬತ್ತನಾಲ್ಕು ಇ ಐ’ ಎಂದಾಗ ಛೇದ 384ಕ್ಕೆ ಮುಗಿಯಿತೋ, ಇ ಐ ಕೂಡ ಅದರಲ್ಲಿ ಸೇರಿದೆಯೋ? ಇದೇ ಅನುಮಾನ ಕಂಪ್ಯೂಟರಿನಲ್ಲಿ ಬರೆಯುವಾಗಲೂ ಏಳುತ್ತದೆ. ಪೈಥಾನ್‌ನಲ್ಲಿ ಈ ಎರಡು ಸಾಲು ನೋಡಿ:

```
5*w*L**4/384*E*I
5*w*L**4/(384*E*I)
```

ಮೊದಲನೆಯದು ಎಡದಿಂದ ಬಲಕ್ಕೆ ಲೆಕ್ಕ ಹಾಕುತ್ತ 384ರಿಂದ ಭಾಗಿಸಿ, ಆಮೇಲೆ E, I ಎರಡರಿಂದಲೂ ಗುಣಿಸುತ್ತದೆ. ನಮ್ಮ ಆಲೆಮನೆಯ ಬೀಮಿಗೆ 8.1×10²⁶ ಎಂಬ ಅರ್ಥವಿಲ್ಲದ ಸಂಖ್ಯೆ ಬರುತ್ತದೆ. ಎರಡನೆಯದರಲ್ಲಿ ಆವರಣವೇ ಗೆರೆಯ ಉದ್ದವನ್ನು ಹೇಳುತ್ತದೆ. ಧ್ವನಿಯಲ್ಲಿಯೂ ಅಂಥದ್ದೊಂದು ಮುಚ್ಚುವ ಗುರುತು ಬೇಕು. ಅಂಧ ಗಣಿತಜ್ಞ ಅಬ್ರಹಾಂ ನೆಮೆತ್ ಇಂಗ್ಲಿಷಿಗೆ ರೂಪಿಸಿದ ಓದುವ ಪದ್ಧತಿಯಲ್ಲಿ ಭಿನ್ನರಾಶಿ ಶುರುವಾಗುವಾಗ ಒಂದು ಮಾತು, ಗೆರೆ ಬಂದಾಗ ಒಂದು ಮಾತು, ಮುಗಿದಾಗ ಇನ್ನೊಂದು ಮಾತು ಕಡ್ಡಾಯವಾಗಿ ಇರುತ್ತವೆ. ಆ ಮೂರೂ ಗುರುತುಗಳನ್ನು ಕನ್ನಡದಲ್ಲಿ ಇಡುವುದೇನೂ ಕಷ್ಟವಲ್ಲ.

ಆದರೆ ಯಾವುದನ್ನು ಮೊದಲು ಹೇಳುವುದು? ಕನ್ನಡದ ಸಹಜ ಜಾಡಿನಲ್ಲಿ ಛೇದವೇ ಮುಂದೆ ಬರುತ್ತದೆ: ‘ಮೂರನೇ ಎರಡು ಭಾಗ’, ‘ಐದರಲ್ಲಿ ಮೂರು’. ಸಣ್ಣ ಸಂಖ್ಯೆಗಳಿಗೆ ಇದು ಚೆಂದ, ಅರ್ಧ, ಕಾಲು, ಮುಕ್ಕಾಲುಗಳಂತೂ ಕಿವಿಗೆ ಬಿದ್ದೊಡನೆ ಅರ್ಥವಾಗುತ್ತವೆ. ಆದರೆ ಇದೇ ಜಾಡಿನಲ್ಲಿ ‘ಮುನ್ನೂರ ಎಂಬತ್ತನಾಲ್ಕು ಇ ಐ ಇಂದ ಭಾಗಿಸಿದ ಐದು ಡಬ್ಲ್ಯೂ...’ ಎಂದು ಶುರುಮಾಡಿದರೆ, ಬರೆದುಕೊಳ್ಳುವವನು ಗೆರೆಯ ಮೇಲೆ ಎಷ್ಟು ಜಾಗ ಬಿಡಬೇಕು ಎಂದು ತಿಳಿಯದೆ ಪೆನ್ನು ಹಿಡಿದು ಕಾಯಬೇಕಾಗುತ್ತದೆ. ಬರೆಯುವ ಕೈ ಅಂಶದಿಂದಲೇ ಹೊರಡುತ್ತದೆ. ಅಕ್ಷರಗಳಿರುವ ಸೂತ್ರಕ್ಕೆ ಮೇಲಿನದು ಮೊದಲು, ಕೆಳಗಿನದು ಆಮೇಲೆ ಎಂಬ ಕ್ರಮವನ್ನೇ ನಾನು ಹಿಡಿದಿದ್ದೇನೆ. ನಮ್ಮ ಸೂತ್ರವನ್ನು ಹೀಗೆ ಓದುತ್ತೇನೆ:

‘ಡೆಲ್ಟಾ ಸಮ, ಒಂದು ಭಿನ್ನರಾಶಿ. ಗೆರೆಯ ಮೇಲೆ: ಐದು, ಡಬ್ಲ್ಯೂ, ಎಲ್‌ನ ನಾಲ್ಕನೇ ಘಾತ, ಘಾತ ಎಲ್‌ಗೆ ಮಾತ್ರ. ಗೆರೆಯ ಕೆಳಗೆ: ಮುನ್ನೂರ ಎಂಬತ್ತನಾಲ್ಕು, ಅಕ್ಷರ ಇ, ಅಕ್ಷರ ಐ. ಭಿನ್ನರಾಶಿ ಮುಗಿಯಿತು.’

‘ಅಕ್ಷರ’ ಎಂಬ ಮಾತನ್ನು ಸುಮ್ಮನೆ ಸೇರಿಸಿದ್ದಲ್ಲ. ‘ಎಂಬತ್ತನಾಲ್ಕು ಇ’ ಎಂದು ಬೇಗ ಹೇಳಿ ನೋಡಿ. ಹೈಸ್ಕೂಲಿನಲ್ಲಿ ಕಲಿತ ಲೋಪಸಂಧಿ ಬಾಯಲ್ಲೇ ಆಗಿಬಿಡುತ್ತದೆ, ‘ನಾಲ್ಕಿ’ ಎಂದು ಕೇಳಿಸುತ್ತದೆ, ಇ ಕರಗಿಹೋಗುತ್ತದೆ. ಸ್ವಲ್ಪ ಎಳೆದರೆ ‘ಈ ಐ’ ಆಗಿ, ‘ಯಾವ ಐ? ಈ ಐ’ ಎಂಬಂತೆ ಕೇಳುತ್ತದೆ. ಎರಡರಲ್ಲೂ ಹುಡುಗನ ಪುಸ್ತಕಕ್ಕೆ ಇಳಿಯುವುದು 384I ಮಾತ್ರ. ಆಗ ಬೀಮು ಒಂದೂವರೆ ಕಿಲೊಮೀಟರಿಗೂ ಹೆಚ್ಚು ಬಾಗುತ್ತದೆ! ಇನ್ನೊಂದು ಜೋಡಿ ‘ಎಂಟು’ ಮತ್ತು ‘ಇಂಟು’. ಒಂದು ತುದಿ ಮಾತ್ರ ಬಿಗಿದ ಬೀಮಿನ ಸೂತ್ರ wL⁴ / 8EI, ಅದರಲ್ಲಿ ಎಂಟು ಬರುವುದರಿಂದ ಆ ಪಾಠದಲ್ಲಿ ನಾನು ‘ಇಂಟು’ ಬಿಟ್ಟು ‘ಗುಣಿಸು’ ಎನ್ನುತ್ತೇನೆ.

ಮಾತು ಸೇರಿಸುವ ಬದಲು ನಡುವೆ ನಿಲ್ಲಿಸಿ ಓದಿದರೆ ಸಾಲದೇ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಎದುರಿಗೆ ಕೂತವರಿಗೆ ಖಂಡಿತ ಸಾಕು. ರೆಕಾರ್ಡಿಂಗಿನಲ್ಲಿ ನಿಲುಗಡೆಯನ್ನೇ ನಂಬಲಾಗದು. ಹುಡುಗರು ಪಾಠವನ್ನು ಒಂದೂವರೆ ಪಟ್ಟು ವೇಗದಲ್ಲಿ ಕೇಳುತ್ತಾರೆ, ಮುಕ್ಕಾಲು ಸೆಕೆಂಡಿನ ಮೌನ ಅರ್ಧ ಸೆಕೆಂಡಿಗೆ ಇಳಿಯುತ್ತದೆ. ಎಡಿಟಿಂಗಿನಲ್ಲಿ ‘ಮೌನ ಕತ್ತರಿಸು’ ಎಂಬ ಸೌಲಭ್ಯ ಬಳಸಿದರೆ ಅದೂ ಉಳಿಯುವುದಿಲ್ಲ. ನಿಲುಗಡೆ ಇರಲಿ, ಆದರೆ ವ್ಯಾಪ್ತಿಯ ಹೊರೆಯನ್ನು ಮಾತೇ ಹೊರಬೇಕು.

ಓದಿದ್ದು ಸರಿಯಾಗಿ ತಲುಪಿತೇ ಎಂದು ತಿಳಿಯಲು ಎರಡು ದಾರಿ ಇವೆ. ಪರದೆ ನೋಡದ ಒಬ್ಬರಿಗೆ ಧ್ವನಿ ಮಾತ್ರ ಕೇಳಿಸಿ ಸೂತ್ರ ಬರೆಸುವುದು ಮೊದಲನೆಯದು. ಅವರು ಬೀಮಿನ ಪಾಠ ಓದದವರಾಗಿದ್ದರೆ ಒಳ್ಳೆಯದು, ಏಕೆಂದರೆ ಸೂತ್ರ ಗೊತ್ತಿದ್ದವರು ನಾವು ಹೇಳದೆ ಬಿಟ್ಟದ್ದನ್ನೂ ತಾವೇ ತುಂಬಿಕೊಳ್ಳುತ್ತಾರೆ. ಎರಡನೆಯದು ಕೇಳುಗನ ಕೈಯಲ್ಲೇ ಇರುವ ಮಾನಗಳ ತಾಳೆ. wL⁴ ಎಂದರೆ ನ್ಯೂಟನ್ ಗುಣಿಸು ಮಿಲಿಮೀಟರ್ ಘನ, EI ಎಂದರೆ ನ್ಯೂಟನ್ ಗುಣಿಸು ಮಿಲಿಮೀಟರ್ ವರ್ಗ. ಭಾಗಿಸಿದರೆ ಬರಿಯ ಮಿಲಿಮೀಟರ್ ಉಳಿಯಬೇಕು. (wL)⁴ ಬರೆದವನಿಗೂ, ಇ ಕಳೆದುಕೊಂಡವನಿಗೂ ಮಿಲಿಮೀಟರ್ ಬರುವುದಿಲ್ಲ. ಪಾಠದಲ್ಲೇ ಸೂತ್ರ ಓದಿದ ಮೇಲೆ ‘ಉತ್ತರದ ಮಾನ ಮಿಲಿಮೀಟರ್’ ಎಂದು ಹೇಳಿಬಿಟ್ಟರೆ ಅವರು ತಾವೇ ತಿದ್ದಿಕೊಳ್ಳಬಹುದು. ಆದರೆ 384 ಎಂಬಂಥ ಬರಿಯ ಸಂಖ್ಯೆ ತಪ್ಪಿದರೆ ಮಾನ ಏನನ್ನೂ ಹೇಳುವುದಿಲ್ಲ, ಅದನ್ನು ‘ಮೂರು, ಎಂಟು, ನಾಲ್ಕು’ ಎಂದು ಬಿಡಿಬಿಡಿಯಾಗಿ ಇನ್ನೊಮ್ಮೆ ಹೇಳಲೇಬೇಕು.

ಈ ಪದ್ಧತಿಗೆ ಮಿತಿಯೂ ಇದೆ. ಭಿನ್ನರಾಶಿಯ ಛೇದದಲ್ಲಿ ಇನ್ನೊಂದು ಭಿನ್ನರಾಶಿ, ಅದರೊಳಗೊಂದು ವರ್ಗಮೂಲ ಬಂದಾಗ ‘ಮುಗಿಯಿತು, ಮುಗಿಯಿತು’ ಎಂದು ಸಾಲಾಗಿ ಹೇಳಿದರೆ ಯಾವುದು ಮುಗಿಯಿತೆಂದೇ ತಿಳಿಯುವುದಿಲ್ಲ. ಆಗ ಸೂತ್ರವನ್ನು ಒಡೆಯುವುದೇ ಒಳ್ಳೆಯದು. ಒಳಗಿನ ತುಂಡನ್ನು ಮೊದಲು ಓದಿ, ‘ಇದನ್ನು ಕೆ ಎಂದು ಕರೆಯೋಣ, ಬರೆದುಕೊಳ್ಳಿ’ ಎಂದು ಹೇಳಿ, ಹೊರಗಿನ ಸೂತ್ರವನ್ನು ಕೆ ಇಟ್ಟು ಓದಬೇಕು. ಕೆ ಎಂಬ ಅಕ್ಷರ ಆ ಪಾಠದಲ್ಲಿ ಬೇರೆ ಯಾವುದಕ್ಕೂ ಬಳಕೆಯಾಗಿರಬಾರದು, ಅಷ್ಟನ್ನು ರೆಕಾರ್ಡಿಂಗಿಗೆ ಕೂರುವ ಮೊದಲೇ ನೋಡಿಕೊಂಡಿರಬೇಕು.