ಎರಡು ಗೆರೆಯೂ ಮೇಲಕ್ಕೇ ಹೋಗುತ್ತಿದ್ದರೂ ಬೆಲೆ ಕೆಳಗೆ ಬೀಳುವುದು ಯಾಕೆ?

ಓದುಗರ ಪ್ರಶ್ನೆ: ಬಿಟ್‌ಕಾಯಿನ್ ಚಾರ್ಟ್‌ನಲ್ಲಿ ರೈಸಿಂಗ್ ವೆಡ್ಜ್ ಕಂಡರೆ ಎಲ್ಲರೂ "ಹುಷಾರು, ಬೀಳುತ್ತೆ" ಅಂತಾರೆ. ಬೆಲೆ ಮೇಲೇರುತ್ತಾನೇ ಇದೆ, ಎರಡು ಗೆರೆಯೂ ಮೇಲಕ್ಕೇ ಹೋಗ್ತಿವೆ. ಆಮೇಲೆ ಬೀಳುತ್ತೆ ಅನ್ನೋಕೆ ಕಾರಣ ಏನು? ಫಾಲಿಂಗ್ ವೆಡ್ಜ್ ಮೇಲಕ್ಕೆ ಹೋಗುತ್ತೆ ಅನ್ನೋದೂ ಹಾಗೇನಾ?

ಗೆರೆಗಳು ಯಾವ ಕಡೆ ಹೋಗುತ್ತಿವೆ ಅನ್ನುವುದನ್ನು ಸ್ವಲ್ಪ ಹೊತ್ತು ಮರೆತುಬಿಡಿ. ಅವುಗಳ ನಡುವಿನ ಜಾಗ ಏನಾಗುತ್ತಿದೆ ನೋಡಿ. ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲೇ ಇದೆ.

ಬೆಲೆಯ ಶಿಖರಗಳನ್ನು ಸೇರಿಸಿ ಒಂದು ಗೆರೆ, ತಳಗಳನ್ನು ಸೇರಿಸಿ ಇನ್ನೊಂದು ಗೆರೆ ಎಳೆಯುತ್ತೇವೆ. ಎರಡೂ ಒಂದೇ ಕಡೆಗೆ ವಾಲಿಕೊಂಡು ಒಂದಕ್ಕೊಂದು ಹತ್ತಿರವಾಗುತ್ತಾ ಹೋದರೆ ಅದು ವೆಡ್ಜ್. ಎರಡೂ ಸಮಾನಾಂತರವಾಗಿದ್ದರೆ ಅದು ಚಾನೆಲ್, ಅದರ ಕಥೆ ಬೇರೆ. ರೈಸಿಂಗ್ ವೆಡ್ಜ್‌ನಲ್ಲಿ ಕೆಳಗಿನ ಗೆರೆ ಕಡಿದಾಗಿ ಏರುತ್ತದೆ, ಮೇಲಿನದು ನಿಧಾನವಾಗಿ ಏರುತ್ತದೆ. ಅಂದರೆ ಕೊಳ್ಳುವವರು ಪ್ರತಿ ಸಲವೂ ಹಿಂದಿಗಿಂತ ಜಾಸ್ತಿ ಬೆಲೆ ಕೊಡುತ್ತಿದ್ದಾರೆ, ಆದರೆ ಅಷ್ಟು ಕೊಟ್ಟರೂ ಹೊಸ ಶಿಖರ ಮಾತ್ರ ಸ್ವಲ್ಪವೇ ಮೇಲೆ ಸಿಗುತ್ತಿದೆ. ಮೇಲ್ಗಡೆ ಮಾರುವವರು ಕಾದು ಕೂತಿದ್ದಾರೆ.

ಇದನ್ನು 2021ರ ಬಿಟ್‌ಕಾಯಿನ್ ಚಾರ್ಟ್‌ನಲ್ಲಿ ನೋಡೋಣ. ಇಲ್ಲಿರುವ ಬೆಲೆಗಳೆಲ್ಲ ಡಾಲರ್‌ನಲ್ಲಿ, ಅಂದಾಜಿಗೆ. ಎಕ್ಸ್‌ಚೇಂಜ್‌ನಿಂದ ಎಕ್ಸ್‌ಚೇಂಜ್‌ಗೆ ಸ್ವಲ್ಪ ಹೆಚ್ಚುಕಮ್ಮಿ ಇರುತ್ತದೆ. ಫೆಬ್ರವರಿ 21ಕ್ಕೆ ಶಿಖರ 58,300. ಮಾರ್ಚ್ 13ಕ್ಕೆ 61,800. ಏಪ್ರಿಲ್ 14ಕ್ಕೆ 64,800. ಮೊದಲ ಶಿಖರದಿಂದ ಎರಡನೆಯದಕ್ಕೆ ಸುಮಾರು 6 ಪರ್ಸೆಂಟ್ ಏರಿಕೆ, ಅಲ್ಲಿಂದ ಮೂರನೆಯದಕ್ಕೆ 5 ಪರ್ಸೆಂಟ್ ಕೂಡ ಇಲ್ಲ. ಅದೂ ಎರಡನೇ ಸಲ ಹಿಡಿದದ್ದು ಹೆಚ್ಚು ದಿನ. ಈಗ ತಳಗಳನ್ನು ನೋಡಿ. ಫೆಬ್ರವರಿ 28ಕ್ಕೆ 43,000, ಮಾರ್ಚ್ 25ಕ್ಕೆ 50,400, ಏಪ್ರಿಲ್ 7ರ ಹೊತ್ತಿಗೆ 55,500ರ ಹತ್ತಿರ. ಶಿಖರ ಮತ್ತು ತಳದ ನಡುವಿನ ಅಂತರ ಫೆಬ್ರವರಿಯಲ್ಲಿ 15 ಸಾವಿರ ಇತ್ತು, ಏಪ್ರಿಲ್‌ನಲ್ಲಿ 9 ಸಾವಿರದ ಆಸುಪಾಸಿಗೆ ಇಳಿಯಿತು.

ಏಪ್ರಿಲ್ 14 ಸಾಮಾನ್ಯ ದಿನವೂ ಅಲ್ಲ. ಅಂದು ಕಾಯಿನ್‌ಬೇಸ್ ಕಂಪನಿ ನಾಸ್‌ಡ್ಯಾಕ್‌ನಲ್ಲಿ ಲಿಸ್ಟ್ ಆಯಿತು. ಕ್ರಿಪ್ಟೋ ಮಂದಿಗೆ ಅದಕ್ಕಿಂತ ಒಳ್ಳೆ ಸುದ್ದಿ ಬೇಕಿರಲಿಲ್ಲ. ಅಷ್ಟು ಒಳ್ಳೆ ಸುದ್ದಿ ಬಂದರೂ ಹಳೆಯ ಶಿಖರಕ್ಕಿಂತ ಬರೀ 3 ಸಾವಿರ ಮೇಲೆ ಹೋಗಿ ನಿಂತಿತು. ನನ್ನ ಪ್ರಕಾರ ಯಾವ ಗೆರೆಗಿಂತಲೂ ಜಾಸ್ತಿ ಹೇಳಿದ್ದು ಅದೇ.

ಮೊದಲ ಎರಡು ತಳಗಳನ್ನು ಸೇರಿಸಿ ಗೆರೆಯನ್ನು ಮುಂದಕ್ಕೆ ಎಳೆದರೆ ಏಪ್ರಿಲ್ 18ರಂದು ಅದು 57,500ರ ಹತ್ತಿರ ಬರುತ್ತದೆ. ಆ ದಿನ 60 ಸಾವಿರದಲ್ಲಿ ಶುರುವಾದ ಬೆಲೆ ಕೆಲವೇ ಗಂಟೆಗಳಲ್ಲಿ 52 ಸಾವಿರದ ಆಸುಪಾಸಿಗೆ ಬಿತ್ತು. ಸ್ವಲ್ಪ ಚೇತರಿಸಿಕೊಂಡರೂ ದಿನದ ಕೊನೆಗೆ ಗೆರೆಯ ಕೆಳಗೇ ನಿಂತಿತು.

ಇಷ್ಟು ಜೋರಾಗಿ ಯಾಕೆ ಬಿತ್ತು? ವಾರಗಟ್ಟಲೆ ಒಂದು ಗೆರೆ ಬೆಲೆಯನ್ನು ಹಿಡಿದು ನಿಲ್ಲಿಸಿದರೆ, ಕೊಂಡವರೆಲ್ಲ ಸ್ಟಾಪ್ ಲಾಸ್, ಅಂದರೆ ಬೆಲೆ ಇಷ್ಟಕ್ಕೆ ಬಿದ್ದರೆ ಮಾರಿಬಿಡು ಅನ್ನುವ ಆರ್ಡರ್, ಇಡುವುದು ಅದರ ಸ್ವಲ್ಪ ಕೆಳಗೆ. ಕ್ರಿಪ್ಟೋದಲ್ಲಿ ಇದರ ಜೊತೆ ಲಿವರೇಜ್ ಬೇರೆ, ಅಂದರೆ ಕೈಯಲ್ಲಿರುವ ದುಡ್ಡಿಗಿಂತ ಹಲವು ಪಟ್ಟು ದೊಡ್ಡ ಪೊಸಿಷನ್ ಹಿಡಿಯುವುದು. 20 ಪಟ್ಟು ಲಿವರೇಜ್ ತೆಗೆದುಕೊಂಡವನ ಪೊಸಿಷನ್, ಬೆಲೆ 5 ಪರ್ಸೆಂಟ್ ಬೀಳುವ ಮೊದಲೇ ತಾನಾಗಿ ಮಾರಾಟವಾಗಿಬಿಡುತ್ತದೆ. ಅವನನ್ನು ಯಾರೂ ಕೇಳುವುದಿಲ್ಲ, ಎಕ್ಸ್‌ಚೇಂಜೇ ಮಾರುತ್ತದೆ. ಆ ಮಾರಾಟದಿಂದ ಬೆಲೆ ಇನ್ನಷ್ಟು ಕೆಳಗೆ, ಅಲ್ಲಿ ಮುಂದಿನವನ ಸರದಿ. ವೆಡ್ಜ್ ಕಿರಿದಾದಷ್ಟೂ ಈ ಆರ್ಡರ್‌ಗಳೆಲ್ಲ ಸಣ್ಣ ಜಾಗದಲ್ಲಿ ಒತ್ತೊತ್ತಾಗಿ ಸೇರಿಕೊಳ್ಳುತ್ತವೆ. ಮೇಲ್ಗಡೆ ಹಾಗಲ್ಲ. ಕೊಳ್ಳಬೇಕು ಅಂದುಕೊಂಡವರಲ್ಲಿ ಹೆಚ್ಚಿನವರು ಅಷ್ಟರಲ್ಲಿ ಕೊಂಡಾಗಿರುತ್ತದೆ. ಹಾಗಾಗಿ ಏರಿಸುವುದಕ್ಕೆ ಹೊಸ ದುಡ್ಡು ಬರಬೇಕು, ಬೀಳಿಸುವುದಕ್ಕೆ ಆಗಲೇ ಒಳಗಿರುವವರು ಸಾಕು. ಗೆರೆಗಳು ಮೇಲಕ್ಕೆ ತೋರಿಸುತ್ತಿದ್ದರೂ ಬೆಲೆ ಕೆಳಕ್ಕೆ ಹೋಗುವುದು ಇದರಿಂದ.

ಹಾಗಂತ ಬೀಳಿಸಿದ್ದು ವೆಡ್ಜ್ ಅಲ್ಲ. ಪ್ರತಿ ಇಳಿತಕ್ಕೂ ಸುದ್ದಿಯಲ್ಲಿ ಒಂದು ಕಾರಣ ಸಿಕ್ಕೇ ಸಿಗುತ್ತದೆ. ವೆಡ್ಜ್ ಹೇಳುವುದು ಇಷ್ಟೇ: ಸಣ್ಣ ಕಾರಣ ಸಿಕ್ಕರೂ ಸಾಕು ಅನ್ನುವಷ್ಟು ಒಂದೇ ಕಡೆ ಜನ ಸೇರಿದ್ದಾರೆ.

ಬಿದ್ದ ಮೇಲೆ ನಡೆದದ್ದನ್ನೂ ನೋಡಬೇಕು, ಏಕೆಂದರೆ ಎಲ್ಲರೂ ಸ್ಕ್ರೀನ್‌ಶಾಟ್ ಹಾಕುವುದು ಬೀಳುವವರೆಗೆ ಮಾತ್ರ. ರೂಢಿಯ ಲೆಕ್ಕದಲ್ಲಿ ವೆಡ್ಜ್ ಶುರುವಾದ ತಳವೇ ಟಾರ್ಗೆಟ್, ಅಂದರೆ ಇಲ್ಲಿ 43,000. ಏಪ್ರಿಲ್ 25ಕ್ಕೆ ಬೆಲೆ 47 ಸಾವಿರದ ಹತ್ತಿರ ಹೋಯಿತು. ಟಾರ್ಗೆಟ್ ಮುಟ್ಟಲಿಲ್ಲ. ಅಲ್ಲಿಂದ ತಿರುಗಿ ಮೇ ತಿಂಗಳ ಎರಡನೇ ವಾರದಲ್ಲಿ 59 ಸಾವಿರದ ಹತ್ತಿರ ಬಂತು. "ವೆಡ್ಜ್ ಸುಳ್ಳಾಯ್ತು" ಅಂತ ಜನ ಮತ್ತೆ ಕೊಂಡರು. ಮೇ 19ರಂದು 30 ಸಾವಿರ. ದಿಕ್ಕು ಸರಿಯಾಗಿಯೇ ಇತ್ತು, ಆದರೆ ನಡುವಿನ 12 ಸಾವಿರದ ಏರಿಕೆಯಲ್ಲಿ, ಬೆಲೆ ಬೀಳುತ್ತೆ ಅಂತ ಶಾರ್ಟ್ ಮಾಡಿದವರೂ ಹಣ ಕಳೆದುಕೊಂಡಿರಬಹುದು, ಅಲ್ವಾ?

ಫಾಲಿಂಗ್ ವೆಡ್ಜ್ ಇದರ ತಿರುಗುಮುರುಗು. ಎರಡು ಗೆರೆಯೂ ಕೆಳಕ್ಕೆ, ಆದರೆ ಪ್ರತಿ ಹೊಸ ತಳ ಹಿಂದಿನದಕ್ಕಿಂತ ಸ್ವಲ್ಪವೇ ಕೆಳಗೆ. ಮಾರುವವರು ಸುಸ್ತಾಗಿದ್ದಾರೆ, ಶಾರ್ಟ್ ಮಾಡಿದವರು ವಾಪಸ್ ಕೊಳ್ಳಬೇಕಾದ ಸ್ಟಾಪ್ ಲಾಸ್‌ಗಳು ಮೇಲಿನ ಗೆರೆಯ ಮೇಲೆ ಗುಂಪಾಗಿವೆ. ಒಂದು ವ್ಯತ್ಯಾಸ ಮಾತ್ರ ಗಮನಿಸಿ. ಬೆಲೆ ಬೀಳುವುದಕ್ಕೆ ಜಾಸ್ತಿ ವಾಲ್ಯೂಮ್, ಅಂದರೆ ವಹಿವಾಟು, ಬೇಕಾಗಿಲ್ಲ, ಏರುವುದಕ್ಕೆ ಬೇಕು. ಫಾಲಿಂಗ್ ವೆಡ್ಜ್‌ನಿಂದ ಬೆಲೆ ವಾಲ್ಯೂಮ್ ಇಲ್ಲದೆ ಮೆಲ್ಲಗೆ ಹೊರಗೆ ಬಂದರೆ ನಾನು ಅದನ್ನು ಬ್ರೇಕೌಟ್ ಅನ್ನುವುದಿಲ್ಲ. ಬರೀ ಅಡ್ಡಕ್ಕೆ ನಡೆದುಕೊಂಡೇ ಕೆಳಗಿಳಿಯುವ ಗೆರೆಯಿಂದ ಆಚೆ ಬರಬಹುದಲ್ಲ. ವಹಿವಾಟು ಕಡಿಮೆ ಇರುವ ಸಣ್ಣ ಕಾಯಿನ್‌ಗಳಲ್ಲಿ ಇದು ತುಂಬಾ ಕಾಣುತ್ತದೆ. ಅಲ್ಲಿ ಒಬ್ಬಿಬ್ಬರ ಆರ್ಡರ್ ಸಾಕು ಗೆರೆ ದಾಟಿಸಲು.

ಸುಳ್ಳು ಬ್ರೇಕೌಟ್ ಹಿಡಿಯುವುದಕ್ಕೆ, ಚಾರ್ಟ್‌ನಲ್ಲಿ ಒಂದು ದಿನದ ಬೆಲೆ ತೋರಿಸುವ ಕ್ಯಾಂಡಲ್ ಮುಗಿಯುವವರೆಗೆ ಕಾಯುವುದೇ ಸುಲಭದ ದಾರಿ. ಹೆಚ್ಚಿನ ಎಕ್ಸ್‌ಚೇಂಜ್‌ಗಳಲ್ಲಿ ದಿನದ ಕ್ಯಾಂಡಲ್ ಮುಗಿಯುವುದು ನಮ್ಮ ಬೆಳಗಿನ 5:30ಕ್ಕೆ. ರಾತ್ರಿ 11ಕ್ಕೆ ಗೆರೆಯ ಕೆಳಗಿದ್ದ ಬೆಲೆ ಬೆಳಿಗ್ಗೆ ಏಳುವಷ್ಟರಲ್ಲಿ ಮತ್ತೆ ಒಳಗೆ ಬಂದು, ಕ್ಯಾಂಡಲ್‌ನ ಕೆಳಗೆ ಉದ್ದನೆ ಬಾಲ ಮಾತ್ರ ಉಳಿದಿರಬಹುದು. ರೈಸಿಂಗ್ ವೆಡ್ಜ್ ಮೇಲಕ್ಕೇ ಒಡೆಯುವುದೂ ಉಂಟು. ಅದರಲ್ಲೂ ಬುಲ್ ಮಾರ್ಕೆಟ್‌ನಲ್ಲಿ ಮೇಲಿನ ಗೆರೆಯನ್ನು ಒಳ್ಳೆ ವಾಲ್ಯೂಮ್‌ನೊಂದಿಗೆ ದಾಟಿ ಅಲ್ಲೇ ನಿಂತರೆ, "ಬೀಳಲೇಬೇಕು" ಅಂತ ಹಟ ಹಿಡಿಯಬೇಡಿ.

ಇನ್ನೊಂದು ಮಾತು ಭಾರತದಲ್ಲಿ ಕಾಯಿನ್ ಕೊಂಡು ಮಾರುವವರಿಗೆ. 2022ರ ಏಪ್ರಿಲ್‌ನಿಂದ ಲಾಭಕ್ಕೆ 30 ಪರ್ಸೆಂಟ್ ತೆರಿಗೆ, ನಷ್ಟವನ್ನು ಲಾಭದಲ್ಲಿ ಕಳೆಯುವ ಹಾಗಿಲ್ಲ. ಒಂದು ವೆಡ್ಜ್‌ನಲ್ಲಿ 10,000 ರೂಪಾಯಿ ಗಳಿಸಿ, ಮುಂದಿನ ಸುಳ್ಳು ಬ್ರೇಕೌಟ್‌ನಲ್ಲಿ 8,000 ಕಳೆದರೆ ಕೈಯಲ್ಲಿ 2,000 ಉಳಿಯಿತು ಅನ್ನಿಸುತ್ತದೆ. ಆದರೆ ತೆರಿಗೆ ಬೀಳುವುದು ಪೂರ್ತಿ 10,000ಕ್ಕೆ, ಅಂದರೆ 3,000. ಸೆಸ್ ಬೇರೆ. ಕೊನೆಗೆ ಜೇಬಿನಿಂದಲೇ ಸಾವಿರ ಹೋಯಿತು. ಈ ಲೆಕ್ಕದಲ್ಲಿ ಪ್ರತಿ ವೆಡ್ಜ್‌ಗೂ ಟ್ರೇಡ್ ಹಾಕುವುದು ಗಿಟ್ಟುವುದಿಲ್ಲ. ಸುಮ್ನೆ ಕಾಯಿನ್ ಇಟ್ಟುಕೊಂಡವರಿಗೆ ರೈಸಿಂಗ್ ವೆಡ್ಜ್‌ನ ಉಪಯೋಗ ಬೇರೆಯದೇ: ಈಗ ಹೊಸದಾಗಿ ಕೊಳ್ಳಬೇಕಾ, ಇರುವುದರಲ್ಲಿ ಸ್ವಲ್ಪ ಮಾರಬೇಕಾ ಅಂತ ಕೆಳಗಿನ ಗೆರೆ ಒಡೆಯುವ ಮೊದಲೇ ತೀರ್ಮಾನಿಸಿಕೊಳ್ಳುವುದಕ್ಕೆ.